‘ಇದನ್ನ ನೀನು ಬರೆದಿದ್ದಲ್ಲ, ಅಲ್ವಾ?’

(ಬಂದವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಬಳಿ ಬಂದವರೊಬ್ಬರು ಕೂತವರೇ ಫೋನ್ ತೆಗೆದು ನನ್ನ ಮುಂದಿಟ್ಟರು. ಅಕ್ಕನಿಗೆ ಕಳಿಸಿದ್ದ ಉದ್ದನೆಯ ಸಂದೇಶ ಅದರಲ್ಲಿತ್ತು. ಕೆಳಗೆ ಅಕ್ಕನ ಒಂದೇ ಸಾಲಿನ ಉತ್ತರ: ‘ಇದನ್ನ ನೀನು ಬರೆದಿದ್ದಲ್ಲ, ಅಲ್ವಾ?’ ಅದಾಗಿ ಮೂರು ವಾರ ಕಳೆದಿತ್ತು. ಅಕ್ಕ ಫೋನ್ ಎತ್ತುತ್ತಿರಲಿಲ್ಲ.

ಬಂದವರ ವಯಸ್ಸು ನಲವತ್ತರ ಆಸುಪಾಸು. ಅಮ್ಮ ಕೊನೆಯ ಹನ್ನೊಂದು ವಾರ ಹಾಸಿಗೆ ಹಿಡಿದಿದ್ದಾಗ ನೋಡಿಕೊಂಡವಳು ಅಕ್ಕ. ಇವರು ಬೇರೆ ಊರಿನಲ್ಲಿದ್ದರು. ಎರಡು ಸಲ ಬಂದು ಹೋಗಿದ್ದರು, ಅಷ್ಟೇ. ಅಮ್ಮ ತೀರಿಕೊಂಡ ಮೇಲೆ ಅಕ್ಕ ಬೇಕಾದಷ್ಟೇ ಮಾತಾಡುತ್ತಿದ್ದಳು. ಒಂದೂವರೆ ವರ್ಷ ಕ್ಷಮೆ ಕೇಳಬೇಕು ಅಂದುಕೊಂಡು ಕೂತರೂ ಒಂದು ಸಾಲೂ ಬರೆಯಲಾಗಿರಲಿಲ್ಲ. ಕೊನೆಗೊಂದು ರಾತ್ರಿ ಎಐಗೆ ‘ಅಮ್ಮನ ಕಾಯಿಲೆ ಸಮಯದಲ್ಲಿ ಆದದ್ದಕ್ಕೆ ಅಕ್ಕನಿಗೆ ಕ್ಷಮೆ ಕೇಳುವ ಪತ್ರ ಬರೆದುಕೊಡು’ ಅಂದರು. ಬಂದದ್ದನ್ನು ಓದಿದರೆ ಚೆನ್ನಾಗಿಯೇ ಇತ್ತು. ಕಳಿಸಿಬಿಟ್ಟರು.

‘ನಾನು ಎಐ ಬಳಸಿದ್ದೇ ತಪ್ಪಾ?’ ಅಂತ ಮೊದಲು ಕೇಳಿದರು. ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಒಂದೂವರೆ ವರ್ಷ ಖಾಲಿ ಹಾಳೆ ನೋಡಿದವರಿಗೆ ಆ ಕರಡು ಒಂದು ದಾರಿ ತೋರಿಸಿತ್ತು. ಅದನ್ನು ಪತ್ರ ಅಂದುಕೊಂಡದ್ದರಲ್ಲಿ ಎಡವಟ್ಟಾಯಿತು. ‘ಅಕ್ಕ, ಅಮ್ಮನ ಕಾಯಿಲೆ, ಕ್ಷಮೆ’ ಎಂಬ ಮೂರೇ ಸುಳಿವು ಕೊಟ್ಟರೆ ಎಐಗೆ ಇವರ ಅಕ್ಕ ಯಾರು ಅಂತ ಗೊತ್ತಾಗುವುದಾದರೂ ಹೇಗೆ? ಕೋಟ್ಯಂತರ ಬರಹಗಳಿಂದ ಕಲಿತದ್ದರ ಮೇಲೆ, ಯಾವ ಮಾತಿನ ನಂತರ ಯಾವ ಮಾತು ಬರುವ ಸಾಧ್ಯತೆ ಹೆಚ್ಚೋ ಅದನ್ನು ಅದು ಜೋಡಿಸುತ್ತದೆ. ಹಾಗಾಗಿ ಎಲ್ಲ ಅಕ್ಕಂದಿರಿಗೂ ಸಲ್ಲುವ ಪತ್ರ ಬಂದಿತ್ತು.

ಅದರ ಮೊದಲ ಭಾಗ ಹೀಗಿತ್ತು:

‘ಪ್ರೀತಿಯ ಅಕ್ಕ, ಈ ಪತ್ರವು ನಿಮ್ಮನ್ನು ಆರೋಗ್ಯ ಮತ್ತು ನೆಮ್ಮದಿಯಿಂದ ತಲುಪಲಿ ಎಂದು ಆಶಿಸುತ್ತೇನೆ. ಅಮ್ಮನ ಅನಾರೋಗ್ಯದ ಆ ಕಠಿಣ ಸಮಯದಲ್ಲಿ ನನ್ನಿಂದ ಕೆಲವು ತಪ್ಪುಗಳು ಸಂಭವಿಸಿರಬಹುದು. ನನ್ನ ವರ್ತನೆಯಿಂದ ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಹೃತ್ಪೂರ್ವಕವಾಗಿ ಕ್ಷಮೆ ಯಾಚಿಸುತ್ತೇನೆ. ನಮ್ಮದು ಕೇವಲ ರಕ್ತಸಂಬಂಧವಲ್ಲ, ಅದು ಪ್ರೀತಿ, ವಿಶ್ವಾಸ ಮತ್ತು ಪರಸ್ಪರ ಗೌರವದ ಬಂಧ.’

‘ಅಕ್ಕನ ಜೊತೆ ಮಾತಾಡುವಾಗ ನೀವು ಅಂತೀರಾ, ನೀನು ಅಂತೀರಾ?’ ಎಂದೆ. ಅವರು ಒಂದು ಕ್ಷಣ ಸುಮ್ಮನಾದರು. ಹುಟ್ಟಿದಾಗಿನಿಂದ ‘ನೀನು’. ಜಗಳದಲ್ಲೂ ‘ನೀನು’. ಅಂದರೆ ಮೊದಲ ಸಾಲಿನ ‘ನಿಮ್ಮನ್ನು’ ಓದುತ್ತಿದ್ದಂತೆಯೇ ಅಕ್ಕನಿಗೆ ಇದು ತಮ್ಮನ ಮಾತಲ್ಲ ಅಂತ ತಿಳಿದಿತ್ತು. ಕನ್ನಡದಲ್ಲಿ ಕರಡು ತಿದ್ದಲು ಕೂತವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇಬ್ಬರ ನಡುವೆ ಏಕವಚನವೋ ಬಹುವಚನವೋ, ಕರೆಯುವ ಹೆಸರೇನು ಅನ್ನುವುದನ್ನು ಮೊದಲು ಸರಿಮಾಡಿ. ‘ನೀವು’ ಹೋಗಿ ‘ನೀನು’ ಬಂದರೆ ಪಕ್ಕದಲ್ಲಿರುವ ‘ಯಾಚಿಸುತ್ತೇನೆ’ ತಾನಾಗಿಯೇ ವಿಚಿತ್ರವಾಗಿ ಕೇಳಿಸತೊಡಗುತ್ತದೆ. ‘ಅಕ್ಕಾ, ನಿನ್ನ ಹತ್ರ ಕ್ಷಮೆ ಯಾಚಿಸ್ತೀನಿ’ ಅಂತ ಯಾರು ಹೇಳ್ತಾರೆ?

ಆಮೇಲೆ ಪತ್ರದ ಪ್ರಿಂಟ್ ತೆಗೆದು ಕೈಗೆ ಪೆನ್ಸಿಲ್ ಕೊಟ್ಟೆ. ಒಂದೊಂದು ವಾಕ್ಯಕ್ಕೂ ಒಂದೇ ಪ್ರಶ್ನೆ: ಇದನ್ನು ಇನ್ಯಾವುದೋ ಮನೆಯ ತಮ್ಮ ತನ್ನ ಅಕ್ಕನಿಗೆ ಒಂದಕ್ಷರವೂ ಬದಲಿಸದೆ ಕಳಿಸಬಹುದಾ? ಹೌದಾದರೆ ಅಡಿಗೆರೆ ಎಳೆಯಿರಿ. ಪತ್ರದಲ್ಲಿ ಹತ್ತೊಂಬತ್ತು ವಾಕ್ಯ ಇದ್ದವು. ಹದಿನೆಂಟಕ್ಕೆ ಗೆರೆ ಬಿತ್ತು. ಉಳಿದ ಒಂದು ಹೀಗಿತ್ತು: ‘ಬಾಲ್ಯದಲ್ಲಿ ಮಳೆ ಬಂದಾಗ ನಾವಿಬ್ಬರೂ ಅಂಗಳದಲ್ಲಿ ಕಾಗದದ ದೋಣಿ ಬಿಡುತ್ತಿದ್ದುದು ಇಂದಿಗೂ ನೆನಪಿದೆ.’

‘ಇದು ಚೆನ್ನಾಗಿದೆಯಲ್ಲ’ ಎಂದೆ.

‘ಅದು ನಡೆದೇ ಇಲ್ಲ. ನಮ್ಮ ಮನೆಗೆ ಅಂಗಳವೇ ಇರಲಿಲ್ಲ’ ಎಂದರು.

ಮೊದಲ ಕರಡು ಒಣಗಿದ ಹಾಗಿದೆ ಅನಿಸಿ ‘ಇನ್ನಷ್ಟು ಆಪ್ತವಾಗಿ ಬರೆ’ ಅಂದಿದ್ದರಂತೆ. ಆಪ್ತವಾಗಿಸಲು ಬೇಕಾದ ನೆನಪು ಅದರ ಬಳಿ ಇರಲಿಲ್ಲ, ಹಾಗಾಗಿ ಒಂದನ್ನು ಹೊಸೆದು ಕೊಟ್ಟಿತು. ಇವರು ಅವಸರದಲ್ಲಿ ಗಮನಿಸಲಿಲ್ಲ. ಇಡೀ ಪತ್ರದಲ್ಲಿ ನಿರ್ದಿಷ್ಟವಾಗಿದ್ದ ಒಂದೇ ಸಾಲು ಸುಳ್ಳಾಗಿತ್ತು. ಅಕ್ಕನಿಗೆ ಜಾಸ್ತಿ ಚುಚ್ಚಿದ್ದು ಅದೇ ಇರಬೇಕು ಅಂತ ನನ್ನ ಊಹೆ. ವಿವರ ಬೇಕು ಎಂದು ಕೇಳುವುದರಲ್ಲಿ ಈ ಅಪಾಯ ಇದೆ. ಕರಡಿನಲ್ಲಿರುವ ಒಂದೊಂದು ಹೆಸರು, ದಿನ, ನೆನಪನ್ನೂ ‘ಇದು ನಿಜವಾಗಿ ಆಗಿದ್ದಾ?’ ಎಂದು ನೋಡಿಯೇ ಇಟ್ಟುಕೊಳ್ಳಬೇಕು.

ಮುಂದಿನ ಸಲ ಕರಡನ್ನು ಪಕ್ಕಕ್ಕಿಟ್ಟೆವು. ‘ಆ ಹನ್ನೊಂದು ವಾರದಲ್ಲಿ ಏನಾಯ್ತು ಅಂತ ನನಗೆ ಹೇಳಿ. ಬರೆಯಬೇಡಿ, ಹೇಳಿ’ ಎಂದೆ. ಅವರ ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡರು. ಹನ್ನೆರಡು ನಿಮಿಷ ಮಾತಾಡಿದರು. ಆಸ್ಪತ್ರೆ, ರಜೆ, ಕೆಲಸ ಅಂತೆಲ್ಲ ಆಯಿತು. ಮಧ್ಯದಲ್ಲಿ, ಅಷ್ಟೇನೂ ಮುಖ್ಯವಲ್ಲದ ಹಾಗೆ, ಒಂದು ಮಾತು ಬಂತು. ಐದನೇ ವಾರವೋ ಏನೋ ಅಕ್ಕ ರಾತ್ರಿ ಫೋನ್ ಮಾಡಿ ‘ಒಂದು ವಾರ ಬಂದಿರ್ತೀಯಾ? ನಂಗೆ ನಿದ್ದೆ ಇಲ್ಲ’ ಅಂದಿದ್ದಳು. ಅದಕ್ಕೆ ಇವರು, ‘ನೀನು ಹೇಗೂ ಮನೇಲೇ ಇರ್ತೀಯಲ್ಲ’ ಅಂದಿದ್ದರು.

ರೆಕಾರ್ಡಿಂಗ್ ನಿಲ್ಲಿಸಿದೆವು. ‘ಈ ಮಾತು ಪತ್ರದಲ್ಲಿ ಎಲ್ಲಿದೆ?’ ಎಂದು ಕೇಳಿದೆ.

ಪತ್ರದಲ್ಲಿ ಅದು ‘ಕೆಲವು ತಪ್ಪುಗಳು ಸಂಭವಿಸಿರಬಹುದು’ ಆಗಿತ್ತು.

ಸಪ್ಪೆ ಭಾಷೆಯನ್ನು ಬರವಣಿಗೆಯ ಶೈಲಿಯ ದೋಷ ಎಂದು ನೋಡಿ ತಿದ್ದಿದರೆ ಸಾಲದು ಎಂದು ಇಂಥ ಪ್ರಕರಣಗಳಲ್ಲಿ ನನಗೆ ಮತ್ತೆ ಮತ್ತೆ ಅನ್ನಿಸಿದೆ. ಆ ವಾಕ್ಯ ಇವರಿಗೆ ಅನುಕೂಲವಾಗಿತ್ತು. ‘ಸಂಭವಿಸಿ’ ಅಂದಾಗ ಮಾಡಿದವರು ಯಾರೂ ಇಲ್ಲ. ‘ಇರಬಹುದು’ ಅಂದಾಗ ಆಗದೆಯೂ ಇರಬಹುದು. ‘ನೋವಾಗಿದ್ದರೆ’ ಅಂದಾಗ ನೋವಾಯಿತೋ ಇಲ್ಲವೋ ಎನ್ನುವುದು ಅಕ್ಕನ ತಲೆಗೆ ಬಂತು. ಕರಡಿನಲ್ಲಿ ಈ ಮೂರು ರೂಪಗಳನ್ನು ಹುಡುಕಿ, ಒಂದೊಂದರ ಜಾಗದಲ್ಲೂ ‘ನಾನು’ ಎಂದು ಶುರುವಾಗುವ, ನಡೆದದ್ದನ್ನು ಹೇಳುವ ವಾಕ್ಯ ಬರೆಯಿರಿ ಎಂದೆ. ಮೊದಲನೆಯದನ್ನು ಬರೆಯಲು ಅವರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ‘ನೀನು ನಿದ್ದೆ ಇಲ್ಲ ಅಂದಾಗ ನಾನು, ಹೇಗೂ ಮನೇಲೇ ಇರ್ತೀಯಲ್ಲ ಅಂದೆ.’ ಬರೆದು ಹಾಳೆಯನ್ನು ಮಗುಚಿಟ್ಟರು. ಸ್ವಲ್ಪ ಹೊತ್ತು ನಾನೂ ಮಾತಾಡಲಿಲ್ಲ.

ಮುಂದಿನ ವಾರ ಅವರು ತಂದದ್ದು ಮೂರು ಪುಟ. ಈಗ ವಿವರಗಳಿಗೆ ಬರವಿರಲಿಲ್ಲ. ರಜೆ ಕೊಡದ ಮೇಲಧಿಕಾರಿ, ತಪ್ಪಿದ ರೈಲು, ಅಮ್ಮ ಹೋದ ಮೇಲೆ ತನಗೆ ಬಿದ್ದ ಕನಸು, ಎಲ್ಲ ನಿಜ. ಓದಿದರೆ ಮಾತ್ರ ವಕೀಲರ ವಾದದ ಹಾಗಿತ್ತು. ಸಪ್ಪೆ ಕರಡು ಬಿಟ್ಟವರು ಹೆಚ್ಚಾಗಿ ಎಡವುವುದು ಇಲ್ಲೇ. ಹಾಗಾಗಿ ಎರಡನೇ ಪ್ರಶ್ನೆ ಕೊಟ್ಟೆ: ಈ ವಿವರ ಯಾರ ಕಡೆಯಿಂದ ಕಂಡದ್ದು? ಅಕ್ಕ ಅನುಭವಿಸಿದ್ದನ್ನು ತೋರಿಸಿದರೆ ಇರಲಿ. ನಾನು ಯಾಕೆ ಹಾಗೆ ಮಾಡಿದೆ ಎಂದು ತೋರಿಸಿದರೆ ಒಂದು ಸಾಲು ಸಾಕು.

2016ರಲ್ಲಿ ಅಮೆರಿಕದ ಸಂಶೋಧಕ ರಾಯ್ ಲೆವಿಕಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದನ್ನೂ ಅವರಿಗೆ ಹೇಳಿದೆ. ಕ್ಷಮೆ ಕೇಳುವ ಮಾತಿನಲ್ಲಿ ಆರು ಅಂಶಗಳನ್ನು ಆ ಸಂಶೋಧಕರು ಗುರುತಿಸಿದ್ದರು. ಓದಿದವರಿಗೆ ಹೆಚ್ಚು ತಟ್ಟಿದ್ದು ‘ತಪ್ಪು ನನ್ನದು’ ಎಂದು ಒಪ್ಪಿಕೊಳ್ಳುವುದು. ಅದರ ನಂತರದ್ದು, ಸರಿಪಡಿಸಲು ಏನು ಮಾಡುತ್ತೇನೆ ಎಂದು ಹೇಳುವುದು. ಎಲ್ಲಕ್ಕಿಂತ ಕಡಿಮೆ ತೂಕದ್ದು ‘ಕ್ಷಮಿಸು’ ಎಂಬ ಬೇಡಿಕೆ. ಅದು ಎರಡೇ ಪ್ರಯೋಗಗಳ ಫಲ, ಎಲ್ಲ ಮನೆಗೂ ನಿಯಮ ಅಂತ ಹಿಡಿಯಬಾರದು. ಆದರೂ ಇವರ ಕರಡಿನ ಪಕ್ಕ ಇಟ್ಟಾಗ ಚಿತ್ರ ತಿಳಿಯಾಯಿತು. ಎಐ ಬರೆದ ಪತ್ರದಲ್ಲಿ ಐದು ಕಡೆ ಕ್ಷಮೆ ಕೇಳಿತ್ತು. ತಪ್ಪು ಒಪ್ಪಿಕೊಂಡದ್ದು ಅರ್ಧ ವಾಕ್ಯ. ಸರಿಪಡಿಸುವ ಮಾತೇ ಇರಲಿಲ್ಲ.

ಅಕ್ಕ ಅಮ್ಮನ ಆಸ್ಪತ್ರೆ ಕಾಗದಗಳು, ಬ್ಯಾಂಕಿನ ಕೆಲಸಗಳನ್ನು ಇನ್ನೂ ಒಬ್ಬಳೇ ಮುಗಿಸುತ್ತಿದ್ದಾಳೆ ಎಂದು ಮಾತಿನ ನಡುವೆ ಗೊತ್ತಾಯಿತು. ಸರಿಪಡಿಸಲು ಅವರಿಗೊಂದು ಜಾಗ ಅಲ್ಲೇ ಸಿಕ್ಕಿತು. ಕೊನೆಗೆ ಪತ್ರ ಇಷ್ಟಾಯಿತು:

‘ಅಕ್ಕಾ,
ಹಿಂದಿನ ಪತ್ರ ನಾನು ಬರೆದಿದ್ದಲ್ಲ, ನೀನು ಹೇಳಿದ್ದು ಸರಿ. ಆ ದೋಣಿ ಕತೆಯೂ ಸುಳ್ಳು.
ಅಮ್ಮ ಮಲಗಿದ್ದಾಗ ನೀನೊಂದು ರಾತ್ರಿ ಫೋನ್ ಮಾಡಿ ನಿದ್ದೆ ಇಲ್ಲ, ಒಂದು ವಾರ ಬಾ ಅಂದೆ. ನಾನು, ನೀನು ಹೇಗೂ ಮನೇಲೇ ಇರ್ತೀಯಲ್ಲ ಅಂದೆ. ನೀನು ಏನೂ ಹೇಳದೆ ಫೋನ್ ಇಟ್ಟೆ. ಆಮೇಲೆ ಮತ್ತೆ ಕರೀಲಿಲ್ಲ. ನಂಗೆ ಬರೋಕೆ ಆಗ್ತಿತ್ತು. ಅಮ್ಮನ್ನ ಹಾಗೆ ನೋಡೋಕೆ ಭಯ ಆಗಿ ಬರಲಿಲ್ಲ. ಹನ್ನೊಂದು ವಾರದಲ್ಲಿ ಎರಡು ಸಲ ಬಂದೆ, ಒಂದೊಂದು ದಿನ ಇದ್ದೆ.
ಬ್ಯಾಂಕಿನ ಕೆಲಸ, ಉಳಿದ ಕಾಗದಗಳನ್ನ ಈ ತಿಂಗಳಿಂದ ನಾನು ಮಾಡ್ತೀನಿ. ನೀನು ಬೇಡ ಅಂದ್ರೆ ಬಿಡ್ತೀನಿ.
ಉತ್ತರ ಬರೀಲೇಬೇಕು ಅಂತಿಲ್ಲ.’

ಕಳಿಸುವ ಮುಂಚೆ ಜೋರಾಗಿ ಓದಿಸಿದೆ. ನಾಲಿಗೆ ತಡವರಿಸಿದ ಕಡೆ ನಿಲ್ಲಿಸಿ, ‘ಇದನ್ನ ಅಕ್ಕನ ಎದುರು ಹೇಗೆ ಹೇಳ್ತೀರಿ?’ ಎಂದು ಕೇಳಿ, ಹೇಳಿದ ಹಾಗೇ ಬರೆಸಿದೆ. ‘ಭೀತಿಯಿಂದಾಗಿ’ ಇದ್ದದ್ದು ‘ಭಯ ಆಗಿ’ ಆದದ್ದು ಹಾಗೆ.

ಕಾಗುಣಿತ ನೋಡಲು ಎಐಗೆ ಒಮ್ಮೆ ಕೊಡಲಾ ಎಂದರು. ಕೊಡಬಹುದು, ಆದರೆ ‘ತಿದ್ದಿ ಬರೆ’ ಅನ್ನಬೇಡಿ, ‘ತಪ್ಪಿರುವ ಪದಗಳನ್ನು ಮಾತ್ರ ಪಟ್ಟಿ ಮಾಡು’ ಅನ್ನಿ ಎಂದೆ. ಅವರು ಹಳೇ ಅಭ್ಯಾಸದಂತೆ ತಿದ್ದಲು ಹೇಳಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ‘ಇರ್ತೀಯಲ್ಲ ಅಂದೆ’ ಇದ್ದ ಕಡೆ ‘ನಿನ್ನ ಕಷ್ಟವನ್ನು ಅರ್ಥಮಾಡಿಕೊಳ್ಳದೆ ಮಾತನಾಡಿದೆ’ ಬಂದು ಕೂತಿತ್ತು. ಅವರು ಅದನ್ನು ತಾವಾಗಿಯೇ ಕಂಡುಹಿಡಿದು ಅಳಿಸಿದರು. ಕೈಯಲ್ಲಿ ಬರೆದು ಅಂಚೆಗೆ ಹಾಕಿದರು.

ಹತ್ತು ದಿನ ಬಿಟ್ಟು ಅಕ್ಕನಿಂದ ಸಂದೇಶ ಬಂತು. ಅದನ್ನು ಹಿಡಿದುಕೊಂಡೇ ಬಂದರು. ಖುಷಿ ಪಡಬೇಕೋ ಬೇಡವೋ ಗೊತ್ತಿಲ್ಲದ ಮುಖ. ಅದರಲ್ಲಿ ಹೀಗಿತ್ತು: ‘ಎರಡನೇ ಸಲ ನೀನು ಎರಡು ದಿನ ಇದ್ದೆ. ಅಮ್ಮನಿಗೆ ಉಗುರು ಕತ್ತರಿಸಿದ್ದು ಮರೆತಿದೀಯಾ? ಬ್ಯಾಂಕಿನ ಕಾಗದ ಎಲ್ಲಾ ನೀಲಿ ಫೈಲಲ್ಲಿ ಇದೆ.’