ರಾಗಿ ಸರಿ ವಿಡಿಯೋಗೆ ‘ಮೇಡ್ ಫಾರ್ ಕಿಡ್ಸ್’ ಕೊಟ್ಟರೆ ಏನಾಗುತ್ತೆ?

“ಶ್ರೀನಿವಾಸಪುರದಿಂದ ಕೇಳ್ತಿದ್ದೀನಿ. ಮಗುವಿಗೆ ರಾಗಿ ಸರಿ ಮಾಡೋ ವಿಡಿಯೋ ಯೂಟ್ಯೂಬ್‌ಗೆ ಹಾಕಿದೆ. ಕೆಟ್ಟದ್ದೇನೂ ಇಲ್ವಲ್ಲ ಅಂತ ಮೇಡ್ ಫಾರ್ ಕಿಡ್ಸ್ ಕೊಟ್ಟೆ. ಈಗ ಕಮೆಂಟ್ ಬಾಕ್ಸೇ ಇಲ್ಲ, ಬೆಲ್ ಒತ್ತಿದವರಿಗೂ ನೋಟಿಫಿಕೇಶನ್ ಹೋಗಿಲ್ಲ, ಜಾಹೀರಾತಿನ ದುಡ್ಡೂ ಕಮ್ಮಿ. ಯಾಕೆ?”

ಮೂರಕ್ಕೂ ಕಾರಣ ಅದೊಂದೇ ಆಯ್ಕೆ ಮೇಡಂ. ನಾನು ಕೋಲಾರದಲ್ಲಿ ಕೆಲವರ ಚಾನೆಲ್ ನೋಡಿಕೊಳ್ಳುತ್ತೇನೆ. ಈ ಗೊಂದಲ ಜಾಸ್ತಿ ಬರುತ್ತದೆ. ಅಲ್ಲಿ ಕೇಳುವುದು “ಮಕ್ಕಳು ನೋಡಬಹುದಾ” ಅಂತಲ್ಲ, “ಮಕ್ಕಳಿಗೆಂದೇ ಮಾಡಿದ್ದಾ” ಅಂತ.

ಅಮೆರಿಕದ ಕೋಪಾ ಕಾನೂನಿನ ಪ್ರಕಾರ, ಹೆತ್ತವರ ಒಪ್ಪಿಗೆ ಇಲ್ಲದೆ 13 ವರ್ಷದೊಳಗಿನ ಮಕ್ಕಳ ಮಾಹಿತಿ ಸಂಗ್ರಹಿಸುವಂತಿಲ್ಲ. 2019ರಲ್ಲಿ ಇದೇ ವಿಷಯಕ್ಕೆ ಗೂಗಲ್ 17 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅಲ್ಲಿಂದ ಈ ಪ್ರಶ್ನೆ ನಮ್ಮೂರಿನ ಚಾನೆಲ್‌ಗಳಿಗೂ ಬಂತು. ನೀವು ಹೌದು ಅಂದರೆ, ಆ ವಿಡಿಯೋ ನೋಡುವ ಎಲ್ಲರನ್ನೂ ಯೂಟ್ಯೂಬ್ ಮಗು ಅಂತಲೇ ಎಣಿಸುತ್ತದೆ. ನೋಡುತ್ತಿರುವವರು ಅಜ್ಜಿಯಾದರೂ ಅಷ್ಟೇ.

ಅದಕ್ಕೇ ಕಮೆಂಟ್ ಬಂದ್, ನೋಟಿಫಿಕೇಶನ್ ಇಲ್ಲ. ಜಾಹೀರಾತು ಪೂರ್ತಿ ನಿಲ್ಲುವುದಿಲ್ಲ. ಮೊನ್ನೆ ಮಿಕ್ಸಿ ಹುಡುಕಿದವರಿಗೆ ಮಿಕ್ಸಿ ತೋರಿಸುವಂಥದ್ದು ಮಾತ್ರ ಬರುವುದಿಲ್ಲ, ವಿಡಿಯೋದ ವಿಷಯ ನೋಡಿ ಹಾಕುತ್ತಾರೆ. ಇಂಥ ಜಾಹೀರಾತಿಗೆ ಸಾಮಾನ್ಯವಾಗಿ ಕಮ್ಮಿ ದುಡ್ಡು.

ನಿಮ್ಮ ವಿಡಿಯೋ ನೋಡುವುದು ತಾಯಂದಿರು. ರಾಗಿ ಎಷ್ಟು ಹೊತ್ತು ನೆನೆಯಬೇಕು, ಮೊಳಕೆ ಎಷ್ಟುದ್ದ ಬರಬೇಕು ಅಂತ ಅವರು ಕೇಳುವುದು ಕಮೆಂಟಿನಲ್ಲೇ ಅಲ್ವಾ? ತಿನ್ನುವುದು ಮಗುವಾದರೂ ಮಾತು ತಾಯಿಗೆ. ಹಾಗಾಗಿ ಇದಕ್ಕೆ ಇಲ್ಲ ಅನ್ನುವುದೇ ಸರಿ. ಸ್ಟುಡಿಯೋದ Content ಪಟ್ಟಿಯಲ್ಲಿ ವಿಡಿಯೋ ತೆರೆದು, Audience ಕೆಳಗೆ “No, it's not made for kids” ಆರಿಸಿ ಸೇವ್ ಮಾಡಿ. ಆಮೇಲೆ Show more ಒತ್ತಿ, ಕಮೆಂಟ್ ಆನ್ ಇದೆಯಾ ನೋಡಿ. ನೋಟಿಫಿಕೇಶನ್ ಹೋಗುವುದು ಪ್ರಕಟಿಸುವಾಗ. ಅದಕ್ಕೆ ಈಗ ಕಾಯಬೇಡಿ.

ಪಟ್ಟಿಯ Restrictions ಕಾಲಂ ಕೂಡ ನೋಡಿ. ಯೂಟ್ಯೂಬೇ ಗುರುತು ಹಾಕಿದ್ದರೆ ನೀವು ಬದಲಿಸಲಾಗದು, ಮೇಲ್ಮನವಿ ಸಲ್ಲಿಸಬೇಕು. ಮೇಡ್ ಫಾರ್ ಕಿಡ್ಸ್ ಅಂತ ಇಲ್ಲದೆಯೂ ಕಮೆಂಟ್ ಮಾತ್ರ ಬಂದ್ ಆಗಿದ್ದರೆ ಕಾರಣ ಬೇರೆ. ಮಕ್ಕಳು ಕಾಣುವ ಕೆಲವು ವಿಡಿಯೋಗಳಲ್ಲಿ ಅವರ ಸುರಕ್ಷತೆಗಾಗಿ ಹಾಗೆ ಮುಚ್ಚುತ್ತಾರೆ.

ಒಂದು ಮಾತು ಖಂಡಿತ ಹೇಳಬೇಕು. ನಾಳೆ ನೀವು ಪುಟಾಣಿಗಳಿಗೆ ಶಿಶುಗೀತೆ ಹಾಕಿದರೆ, ದುಡ್ಡಿನ ಆಸೆಗೆ ಇಲ್ಲ ಅನ್ನಬೇಡಿ. ಅದನ್ನು ನೋಡುವ ಮಗುವಿನ ಮಾಹಿತಿ ಯಾರ ಕೈಗೂ ಹೋಗಬಾರದು. ಎರಡೂ ಬಗೆಯ ವಿಡಿಯೋ ಹಾಕುವುದಾದರೆ, ಚಾನೆಲ್ ಸೆಟ್ಟಿಂಗ್‌ನಲ್ಲಿ “I want to review this setting for every video” ಆರಿಸಿಡಿ. ಪ್ರತಿ ಸಲ ಅಪ್‌ಲೋಡ್ ಮಾಡುವಾಗ ಅದೇ ಕೇಳುತ್ತದೆ.