ಫೈಲಿನ ಮೇಲೆ ‘ಪೆನಿಸಿಲಿನ್ ಅಲರ್ಜಿ’ ಅಂತಿದ್ದರೆ ಆಪರೇಷನ್‌ಗೆ ಮೊದಲು ಏನು ಮಾಡಬೇಕು?

“ಚಿಕ್ಕವಳಿದ್ದಾಗ ಪೆನಿಸಿಲಿನ್ ಆಗಲ್ಲ ಅಂತ ಬರೆದಿದ್ದಾರೆ. ಈಗ ಮಂಡಿ ಆಪರೇಷನ್ ಇದೆ. ಬೇರೆ ಆಂಟಿಬಯಾಟಿಕ್ ಇದ್ದೇ ಇದೆಯಲ್ಲ, ಟೆಸ್ಟ್ ಯಾಕೆ ಬೇಕು?”

ಬೇರೆ ಔಷಧ ಇದೆ, ಆದರೆ ಅದು ಅಷ್ಟೇ ಒಳ್ಳೆಯದಲ್ಲ. ನಾನು ಅಲರ್ಜಿ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ನಿಮ್ಮ ಹಾಗೇ ಮಂಡಿ ಆಪರೇಷನ್‌ಗೆ ಮೊದಲು ಬಂದಿದ್ದ 38 ವರ್ಷದ ಒಬ್ಬರ ವಿಷಯ ಹೇಳುತ್ತೇನೆ.

ಅವರ ಫೈಲಿನಲ್ಲಿ ಇದ್ದದ್ದು ಎರಡೇ ಪದ, ‘ಪೆನಿಸಿಲಿನ್ ಅಲರ್ಜಿ’. ಏನಾಗಿತ್ತು, ಯಾವಾಗ, ಯಾವ ಮಾತ್ರೆಗೆ, ಒಂದೂ ಇಲ್ಲ. ಅವರ ತಾಯಿಗೆ ಫೋನ್ ಮಾಡಿಸಿದೆ. ಐದು ವರ್ಷದವಳಿದ್ದಾಗ ಜ್ವರ, ಗಂಟಲು ನೋವು, ಪೆನಿಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟಿದ್ದರು, ನಾಲ್ಕನೇ ದಿನ ಹೊಟ್ಟೆ ಮೇಲೆ ಕೆಂಪು ದದ್ದು ಎದ್ದಿತು, ಉಸಿರಾಟಕ್ಕೆ ತೊಂದರೆ ಇಲ್ಲ, ಮುಖ ಊದಿಲ್ಲ, ಸಿರಪ್ ನಿಲ್ಲಿಸಿದ ಮೇಲೆ ಯಾವ ಔಷಧವೂ ಇಲ್ಲದೆ ತಾನಾಗಿಯೇ ಹೋಯಿತು. ಇಂಥ ದದ್ದು ಮಕ್ಕಳಲ್ಲಿ ಹೆಚ್ಚಾಗಿ ಬರುವುದು ಜ್ವರ ತಂದ ವೈರಸ್‌ನಿಂದ. ಆ ಹೊತ್ತಿಗೆ ಬಾಯಲ್ಲಿ ಸಿರಪ್ ಇತ್ತು, ಅದಕ್ಕೇ ತಪ್ಪು ಸಿರಪ್‌ನ ತಲೆಗೆ ಬಂತು. ವಾಂತಿ, ಭೇದಿ ಆದದ್ದನ್ನೂ ಎಷ್ಟೋ ಕಡೆ ಅಲರ್ಜಿ ಅಂತಲೇ ಬರೆದಿರುತ್ತಾರೆ, ಅವು ಅಡ್ಡಪರಿಣಾಮ ಮಾತ್ರ.

ನಿಜವಾದ ತಕ್ಷಣದ ಅಲರ್ಜಿ ಬೇರೆ ಥರ. ಸಾಮಾನ್ಯವಾಗಿ ಔಷಧ ತಗೊಂಡ ಒಂದು ಗಂಟೆಯೊಳಗೆ ತುರಿಸುವ ಗಂದೆ ಏಳುತ್ತದೆ, ತುಟಿ ಊದುತ್ತದೆ, ಉಸಿರು ಕಟ್ಟುತ್ತದೆ, ಬಿಪಿ ಬೀಳುತ್ತದೆ. ಅದೂ ಜೀವನಪೂರ್ತಿ ಉಳಿಯಲೇಬೇಕು ಅಂತಿಲ್ಲ. ಹೀಗೆ ಅಲರ್ಜಿ ಇದ್ದವರಲ್ಲಿ ಹತ್ತು ವರ್ಷದ ನಂತರ ಸುಮಾರು ಶೇ 80 ಮಂದಿಯಲ್ಲಿ ಅದು ಹೋಗಿರುತ್ತದೆ. ಒಟ್ಟಾರೆ ಈ ಹಣೆಪಟ್ಟಿ ಹೊತ್ತವರನ್ನು ಸರಿಯಾಗಿ ಪರೀಕ್ಷೆ ಮಾಡಿದರೆ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಜನ ಪೆನಿಸಿಲಿನ್ ಆರಾಮಾಗಿ ತಗೊಳ್ಳುತ್ತಾರೆ.

ದೊಡ್ಡವರಲ್ಲಿ ಅಪಾಯ ಅಳೆಯಲು ‘ಪೆನ್-ಫಾಸ್ಟ್’ ಅನ್ನೋ ಸರಳ ಲೆಕ್ಕ ಬಳಸುತ್ತೇವೆ. ರಿಯಾಕ್ಷನ್ ಕಳೆದ ಐದು ವರ್ಷದೊಳಗೆ ಆಗಿದ್ದರೆ 2 ಅಂಕ. ಮುಖ, ತುಟಿ ಊತ ಅಥವಾ ಜೀವಕ್ಕೇ ಬರುವಂಥ ಅಲರ್ಜಿ ಅಥವಾ ಚರ್ಮದ ತೀವ್ರ ರಿಯಾಕ್ಷನ್ ಆಗಿದ್ದರೆ 2. ಅದಕ್ಕೆ ಚಿಕಿತ್ಸೆ ಬೇಕಾಗಿದ್ದರೆ 1. ಮೂರಕ್ಕಿಂತ ಕಡಿಮೆ ಬಂದರೆ ಅಪಾಯ ಕಡಿಮೆ. ಇವರಿಗೆ ಬಂದದ್ದು ಸೊನ್ನೆ.

ಹಾಗಾಗಿ ಸೂಜಿ ಟೆಸ್ಟ್ ಬೇಕಾಗಲಿಲ್ಲ. ಕ್ಲಿನಿಕ್‌ನಲ್ಲೇ ಕೂರಿಸಿ, ತೀವ್ರ ಅಲರ್ಜಿ ಆದರೆ ಕೊಡುವ ಅಡ್ರಿನಲಿನ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡು, 500 ಮಿ.ಗ್ರಾಂ ಅಮಾಕ್ಸಿಸಿಲಿನ್ ನುಂಗಿಸಿ ಒಂದು ಗಂಟೆ ನೋಡಿದೆವು. ಏನೂ ಆಗಲಿಲ್ಲ. ಮುಂದಿನ ಕೆಲವು ದಿನ ದದ್ದು ಬಂದರೆ ಫೋಟೊ ತೆಗೆದು ಕಳಿಸಿ ಅಂದಿದ್ದೆ, ಅದೂ ಬರಲಿಲ್ಲ. ಅಂಕ ಜಾಸ್ತಿ ಇದ್ದಿದ್ದರೆ ಮೊದಲು ಚರ್ಮದ ಮೇಲೆ ಚುಚ್ಚಿ, ಆಮೇಲೆ ಚರ್ಮದ ಒಳಗೆ ಸ್ವಲ್ಪವೇ ಕೊಟ್ಟು, ಎರಡೂ ಕಡೆ ಗುಳ್ಳೆ ಏಳದಿದ್ದರೆ ಮಾತ್ರ ಬಾಯಿಗೆ ಕೊಡುತ್ತಿದ್ದೆವು.

ಇದನ್ನು ದಯವಿಟ್ಟು ಮನೆಯಲ್ಲಿ ಮಾಡಿ ನೋಡಬೇಡಿ. ಹಿಂದೆ ಚರ್ಮ ಸುಲಿದು ಬಂದಿದ್ದರೆ, ಬಾಯಿ ಕಣ್ಣು ಹುಣ್ಣಾಗಿದ್ದರೆ, ಅಥವಾ ದದ್ದಿನ ಜೊತೆ ಲಿವರ್, ಕಿಡ್ನಿಗೆ ಪೆಟ್ಟು ಬಿದ್ದಿದ್ದರೆ ನಾವೂ ಕೊಟ್ಟು ನೋಡುವುದಿಲ್ಲ. ಅಂಥವರು ಪೆನಿಸಿಲಿನ್‌ನಿಂದ ದೂರವೇ ಇರಬೇಕು.

ಇನ್ನು ‘ಬೇರೆ ಇದೆಯಲ್ಲ’ ಅನ್ನೋ ಮಾತು. ಮಂಡಿ ಆಪರೇಷನ್‌ನಲ್ಲಿ ಸೋಂಕು ತಡೆಯಲು ಸಾಮಾನ್ಯವಾಗಿ ಕೊಡುವುದು ಸೆಫಾಜೋಲಿನ್. ಅದು ಪೆನಿಸಿಲಿನ್‌ನ ದೂರದ ನೆಂಟ, ಆದರೆ ಅಲರ್ಜಿ ಗುರುತಿಸುವ ಭಾಗದ ರಚನೆ ಪೂರಾ ಬೇರೆ, ಹಾಗಾಗಿ ಪೆನಿಸಿಲಿನ್ ಅಲರ್ಜಿ ಇದ್ದವರಲ್ಲೂ ಬಹುತೇಕ ಮಂದಿಗೆ ಅದು ಸರಿಹೋಗುತ್ತದೆ. ಹಣೆಪಟ್ಟಿ ನೋಡಿದ ಕೂಡಲೇ ಹೆದರಿ ಅದನ್ನೂ ಬಿಟ್ಟು ವ್ಯಾಂಕೋಮೈಸಿನ್ ಅಥವಾ ಕ್ಲಿಂಡಾಮೈಸಿನ್ ಕೊಡುತ್ತಾರೆ. ವ್ಯಾಂಕೋಮೈಸಿನ್ ನಿಧಾನವಾಗಿ ಡ್ರಿಪ್‌ನಲ್ಲಿ ಹೋಗಬೇಕು, ಗಡಿಬಿಡಿಯಲ್ಲಿ ಅದು ಮುಗಿಯುವ ಮೊದಲೇ ಕತ್ತರಿ ಆಡುವುದೂ ಉಂಟು. ಕ್ಲಿಂಡಾಮೈಸಿನ್‌ನಿಂದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಸಿ. ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದಿಂದ ಕೆಟ್ಟ ಭೇದಿ ಬರುವ ಅಪಾಯ ಹೆಚ್ಚು. ಅಲರ್ಜಿ ಹಣೆಪಟ್ಟಿ ಇದ್ದವರಲ್ಲಿ ಆಪರೇಷನ್ ಗಾಯದ ಸೋಂಕು ಜಾಸ್ತಿ ಅಂತ ಕಂಡುಬಂದಿದೆ, ಅದಕ್ಕೆ ಮುಖ್ಯ ಕಾರಣ ಈ ಬದಲಿ ಔಷಧಗಳೇ. ಕೃತಕ ಕೀಲು ಹಾಕಿದ ಮಂಡಿಗೆ ಸೋಂಕು ತಗುಲಿದರೆ ಮತ್ತೆ ಬಿಚ್ಚಬೇಕಾಗಬಹುದು, ಅಲ್ವಾ?

ಇವರಿಗೆ ಸೆಫಾಜೋಲಿನ್ ಕೊಟ್ಟರು, ಗಾಯ ಚೆನ್ನಾಗಿ ಮಾಗಿತು. ಬೇಜಾರಾದದ್ದು ಆಮೇಲೆ. ಆರು ತಿಂಗಳ ನಂತರ ಹಲ್ಲಿಗೆಂದು ಬೇರೆ ಕಡೆ ಹೋದಾಗ ಹಳೆಯ ಫೈಲ್ ನೋಡಿ ಮತ್ತೆ ‘ಪೆನಿಸಿಲಿನ್ ಅಲರ್ಜಿ’ ಅಂತ ಬರೆದಿದ್ದರು. ಅದಕ್ಕೆ ಈಗ ನಾನು ಎಲ್ಲರಿಗೂ ಔಷಧದ ಹೆಸರು, ಪ್ರಮಾಣ, ದಿನಾಂಕ, ‘ಏನೂ ಆಗಲಿಲ್ಲ’ ಅನ್ನೋ ಫಲಿತಾಂಶ ಬರೆದು ಸಹಿ ಮಾಡಿದ ಚೀಟಿ ಕೊಡುತ್ತೇನೆ. ನೀವೂ ಟೆಸ್ಟ್ ಆದಮೇಲೆ ಅದನ್ನು ಕೇಳಿ ಪಡೆಯಿರಿ, ಅರಿವಳಿಕೆ ವೈದ್ಯರಿಗೆ ಮೊದಲೇ ತೋರಿಸಿ, ಹಳೆಯ ಫೈಲಿನ ಸಾಲನ್ನು ನಿಮ್ಮ ಕಣ್ಣೆದುರೇ ಹೊಡೆದು ಹಾಕಿಸಿ.