‘ಕ್ರೀಮ್ ಹಚ್ಚಿದರೆ ಇಳಿಯುತ್ತದೆ’ ಎನ್ನುವುದು ಪುರಾವೆಯಲ್ಲ

“‘ನಲವತ್ತರ ಮೊಡವೆ’ ಎಂಬ ಲೇಖನ ಕಳಿಸಿದ್ದೇನೆ. ಉದಾಹರಣೆಯಲ್ಲಿರುವ ಮಹಿಳೆಗೆ ಬೆಟಾಮೆಥಾಸೋನ್ ಕ್ರೀಮ್ ಹಚ್ಚಿದಾಗಲೆಲ್ಲ ಗುಳ್ಳೆ ಇಳಿದಿದೆ, ಬಿಟ್ಟಾಗ ಮರಳಿದೆ. ಪ್ರಕಟಿಸಬಹುದೇ?”

ಈಗಿರುವ ಹಾಗೆ ಸಾಧ್ಯವಿಲ್ಲ. ಬರವಣಿಗೆ ಸರಾಗವಾಗಿದೆ, ಆದರೆ ರೋಗವನ್ನು ಮೊಡವೆಯೆಂದು ಗುರುತಿಸಿದ್ದು ತಪ್ಪಾಗಿದೆ. ಇದನ್ನು ಓದಿದವರು ಅದೇ ಕ್ರೀಮನ್ನು ಮುಖಕ್ಕೆ ಹಚ್ಚಿಕೊಂಡಾರು ಎಂಬ ಭಯ ನನಗಿದೆ.

ನೀವೇ ಕೊಟ್ಟ ವಿವರಗಳನ್ನು ಮತ್ತೊಮ್ಮೆ ನೋಡಿ. ಕ್ರೀಮ್ ಶುರುಮಾಡುವ ಎರಡು ವರ್ಷ ಮೊದಲಿನಿಂದಲೂ ಬಿಸಿಲಿಗೆ ಹೋದರೆ, ಬಿಸಿಬಿಸಿ ಕುಡಿದರೆ ಆಕೆಯ ಕೆನ್ನೆ, ಮೂಗು ಕೆಂಪೇರಿ ಉರಿಯುತ್ತಿದ್ದವು. ಮೂಗಿನ ಪಕ್ಕದಲ್ಲಿ ಎಳೆಯಂಥ ರಕ್ತನಾಳಗಳು ಕಾಣುತ್ತವೆ. ಬ್ಲ್ಯಾಕ್‌ಹೆಡ್ ಒಂದೂ ಇಲ್ಲ. ಮೊಡವೆ ಶುರುವಾಗುವುದು ಚರ್ಮದ ರಂಧ್ರ ಕಟ್ಟಿಕೊಳ್ಳುವುದರಿಂದ. ಹಾಗಾಗಿ ಹುಡುಕಿದರೆ ಎಲ್ಲಾದರೂ ಬ್ಲ್ಯಾಕ್‌ಹೆಡ್ ಅಥವಾ ವೈಟ್‌ಹೆಡ್ ಸಿಗುತ್ತದೆ, ಎದೆ, ಬೆನ್ನಿನ ಮೇಲೂ ಗುಳ್ಳೆಗಳಿರಬಹುದು. ಇಲ್ಲಿ ಅದಾವುದೂ ಇಲ್ಲ. ಇದು ರೊಸೇಸಿಯಾ, ಅಂದರೆ ಮುಖ ಮತ್ತೆ ಮತ್ತೆ ಕೆಂಪೇರಿ ಉರಿಯುವ, ಗುಳ್ಳೆಯೂ ಏಳಬಹುದಾದ ದೀರ್ಘಕಾಲದ ಚರ್ಮರೋಗ. (ಎರಡೂ ಒಟ್ಟಿಗೆ ಬರುವುದುಂಟು, ಆದರೆ ನಿಮ್ಮ ಉದಾಹರಣೆಯಲ್ಲಿ ಹಾಗೆನ್ನಲು ಆಧಾರವಿಲ್ಲ.)

ಇನ್ನು ಕ್ರೀಮಿನ ಮಾತು. ಬೆಟಾಮೆಥಾಸೋನ್ ಒಂದು ಸ್ಟೀರಾಯ್ಡ್. ಅದು ರಕ್ತನಾಳಗಳನ್ನು ಕುಗ್ಗಿಸಿ ಉರಿಯೂತವನ್ನು ಅದುಮಿಡುತ್ತದೆ; ಆದ್ದರಿಂದ ಕಾರಣ ಏನೇ ಇದ್ದರೂ ಕೆಂಪು ಇಳಿಯುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹಚ್ಚುತ್ತ ಹೋದರೆ ಚರ್ಮ ತೆಳುವಾಗಿ ನಾಳಗಳು ಎದ್ದು ಕಾಣತೊಡಗುತ್ತವೆ. ಬಿಟ್ಟ ಕೆಲವೇ ದಿನಗಳಲ್ಲಿ ಮೊದಲಿಗಿಂತ ಹೆಚ್ಚಿನ ಕೆಂಪು, ಉರಿ, ಗುಳ್ಳೆ ಏಳುತ್ತವೆ. ಆಕೆ ಹೆದರಿ ಮತ್ತೆ ಹಚ್ಚುತ್ತಾರೆ. ನೀವು ಗುಣವೆಂದು ಬರೆದದ್ದು ಈ ಸುತ್ತನ್ನೇ.

ಹಾಗಾದರೆ ರೊಸೇಸಿಯಾ ಮತ್ತು ಸ್ಟೀರಾಯ್ಡ್ ಕ್ರೀಮಿನಿಂದಲೇ ಏಳುವ ಗುಳ್ಳೆಯನ್ನು ಬೇರ್ಪಡಿಸುವುದು ಹೇಗೆ? ನಾಳಗಳು ಎರಡರಲ್ಲೂ ಕಾಣುವುದರಿಂದ ಅವನ್ನಷ್ಟೇ ನಂಬುವಂತಿಲ್ಲ. ಕ್ರೀಮ್ ಹಚ್ಚುವ ಮೊದಲು ಮುಖ ಹೇಗಿತ್ತು ಎಂದು ಕೇಳಬೇಕು. ಮೊದಲು ಬರೀ ಕಪ್ಪು ಕಲೆಯಿದ್ದು, ಆಮೇಲೆ ಹಚ್ಚಿದ ಜಾಗದಲ್ಲೆಲ್ಲ ಒಂದೇ ಅಳತೆಯ ಗುಳ್ಳೆ ಎದ್ದಿದ್ದರೆ ಸ್ಟೀರಾಯ್ಡನ್ನೇ ಶಂಕಿಸಬೇಕು. ಬಾಯಿಯ ಸುತ್ತ ಗುಳ್ಳೆಯಾಗಿ, ತುಟಿಯಂಚಿಗೆ ತಾಗಿದ ಸಣ್ಣ ಪಟ್ಟಿಯಷ್ಟು ಚರ್ಮ ಮಾತ್ರ ಚೆನ್ನಾಗಿದ್ದರೆ ಆ ಶಂಕೆ ಬಲವಾಗುತ್ತದೆ. ನಿಮ್ಮ ಉದಾಹರಣೆಯಲ್ಲಿ ಉರಿ ಮೊದಲು, ಕ್ರೀಮ್ ಆಮೇಲೆ. ಅಂದರೆ ಮೂಲದಲ್ಲಿದ್ದದ್ದು ರೊಸೇಸಿಯಾ, ಅದರ ಮೇಲೆ ಸ್ಟೀರಾಯ್ಡಿನ ಹಾನಿ.

ಚಿಕಿತ್ಸೆಯ ಭಾಗವನ್ನೂ ಬದಲಿಸಿ. ನೀವು ಸೂಚಿಸಿದ ಬೆಂಜಾಯ್ಲ್ ಪೆರಾಕ್ಸೈಡ್ ಮತ್ತು ಟ್ರೆಟಿನಾಯ್ನ್ ಇಂಥ ಚರ್ಮವನ್ನು ಇನ್ನಷ್ಟು ಕೆರಳಿಸಬಹುದು. ಸ್ಟೀರಾಯ್ಡನ್ನು ಹೇಗೆ ಬಿಡಬೇಕೆಂದು ಚರ್ಮವೈದ್ಯರು ಹೇಳಬೇಕು. ಬಿಟ್ಟ ಮೇಲೆ ಕೆರಳುವುದು ನಿರೀಕ್ಷಿತವೆಂದೂ ಅದು ತಣಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕೆಂದೂ ಸ್ಪಷ್ಟವಾಗಿ ಬರೆಯಿರಿ. ರೊಸೇಸಿಯಾದ ಗುಳ್ಳೆಗಳಿಗೆ 0.75% ಮೆಟ್ರೊನಿಡಜೋಲ್ ಅಥವಾ 1% ಐವರ್ಮೆಕ್ಟಿನ್ ಕ್ರೀಮ್ ಕೊಡುತ್ತಾರೆ. ಎದ್ದು ಕಾಣುವ ನಾಳಗಳು ಇವುಗಳಿಂದ ಹೋಗುವುದಿಲ್ಲ, ಅವಕ್ಕೆ ಲೇಸರ್ ಬೇಕು.

ಕಪ್ಪು ಚರ್ಮದಲ್ಲಿ ಕೆಂಪು ಸುಲಭವಾಗಿ ಕಾಣದು. ಅಲ್ಲಿ ಉರಿ, ಚುಚ್ಚಿದಂತಾಗುವುದು, ಕೆನ್ನೆ ಬಿಸಿಯೇರುವುದನ್ನು ಕೇಳಿ ತಿಳಿಯಬೇಕು ಎಂಬುದನ್ನು ಸೇರಿಸಿ. ಕಣ್ಣಿನ ಬಗ್ಗೆ ನೀವು ಏನೂ ಬರೆದಿಲ್ಲ. ರೊಸೇಸಿಯಾ ಕಣ್ಣಿಗೂ ತಗಲುತ್ತದೆ: ಮರಳು ಬಿದ್ದಂಥ ಚುಚ್ಚು, ಒಣಗುವಿಕೆ, ರೆಪ್ಪೆಯಂಚಿನ ಕೆಂಪು. ನೋವು ಅಥವಾ ಮಂಜು ದೃಷ್ಟಿ ಇದ್ದರೆ ತಡಮಾಡದೆ ನೇತ್ರವೈದ್ಯರಲ್ಲಿಗೆ ಹೋಗಬೇಕೆಂದು ಬರೆದು, ಶೀರ್ಷಿಕೆಯಿಂದ ‘ಮೊಡವೆ’ಯನ್ನು ತೆಗೆದು ಮರಳಿ ಕಳಿಸಿ.